ವಾಪಸ್ ಬಂದ ಏಳು ಮಡಿಕೆ

ಈ ಭಾನುವಾರದಿಂದ ಅಪ್ಪ ಮಾಡಿದ 36 ಅಡುಗೆ ಪಾತ್ರೆಗಳು ಮಾರಾಟಕ್ಕೆ ಸಿದ್ಧ. ಸಾರಿನ ಮಡಿಕೆ, ಅಗಲ ಬಾಯಿಯ ಚಟ್ಟಿ, ಮೊಸರಿಗೆ ಸಣ್ಣ ಕುಡಿಕೆ. ಸದ್ಯಕ್ಕೆ ಮೂರೇ ಬಗೆ. ಸಾರಿನ ಮಡಿಕೆಗೆ 450 ರೂಪಾಯಿ, ಚಟ್ಟಿಗೆ 400, ಕುಡಿಕೆಗೆ 150. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇದು ನಮ್ಮ ಎರಡನೇ ಪ್ರಯತ್ನ. ಮೊದಲನೆಯದರ ಕಥೆ ಹೇಳದೆ ನಿಮ್ಮ ಕೈಗೆ ಮಡಿಕೆ ಕೊಡೋದಕ್ಕೆ ಅಪ್ಪ ಒಪ್ತಾ ಇಲ್ಲ.

ಆರು ತಿಂಗಳ ಹಿಂದೆ ಊರಿಂದ 20 ಮಡಿಕೆ ತಂದು ಅಪಾರ್ಟ್‌ಮೆಂಟ್‌ನವರಿಗೆ, ಆಫೀಸಿನ ಗೆಳತಿಯರಿಗೆ ಮಾರಿದ್ದೆ. ಒಂದೇ ವಾರದಲ್ಲಿ ಎಲ್ಲಾ ಖಾಲಿ. ಖುಷಿಯಾಗಿ ಅಪ್ಪನಿಗೆ ಫೋನ್ ಮಾಡಿದೆ. ಮುಂದಿನ ತಿಂಗಳಲ್ಲಿ ಒಂದೊಂದಾಗಿ ಏಳು ವಾಪಸ್ ಬಂದವು. ದುಡ್ಡು ಕೊಟ್ಟು ಸುಮ್ಮನಾದೆ, ಅಪ್ಪನಿಗೆ ಹೇಳಲಿಲ್ಲ. ಆದರೆ ಹಬ್ಬಕ್ಕೆ ಬಂದಾಗ ಬಾಲ್ಕನಿ ಮೂಲೆಯಲ್ಲಿ ಅವು ಅಪ್ಪನ ಕಣ್ಣಿಗೆ ಬಿದ್ದವು. ನಲವತ್ತು ವರ್ಷ ಸಂತೆಯಲ್ಲಿ ಮಡಿಕೆ ಮಾರಿದ ಮನುಷ್ಯ. ಅಷ್ಟು ಪಾತ್ರೆ ಒಟ್ಟಿಗೆ ವಾಪಸ್ ಬಂದಿದ್ದನ್ನು ಅವರು ನೋಡಿರಲೇ ಇಲ್ಲ. ಊಟ ಮಾಡದೆ, ನೆಲದ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ ನೋಡಿದರು.

"ಇದನ್ನ ಒಲೆ ಮೇಲೆ ಇಟ್ಟಿದ್ರಾ, ಇಲ್ಲಾ ಬೆಂಕಿ ಒಳಗೇ ಹಾಕಿದ್ರಾ?" ಅಂದರು.

ನಾಲ್ಕು ಮಡಿಕೆಗಳ ತಳದಲ್ಲಿ ಒಂದೇ ಥರದ ಬಿರುಕು. ಗ್ಯಾಸ್ ಬರ್ನರ್ ಎಷ್ಟು ಅಗಲವೋ ಅಷ್ಟು ಜಾಗದಲ್ಲಿ ಶುರುವಾಗಿ ಮೇಲಕ್ಕೆ ಓಡಿತ್ತು. ಅದರಲ್ಲಿ ಒಂದು ಮೂರನೇ ಮಹಡಿಯ ಗೆಳತಿಯದು. ಅವಳನ್ನೇ ಕರೆದು ಏನು ಮಾಡಿದ್ದೆ ಅಂತ ಕೇಳಿದ್ವಿ. ಪಾಪ, ಅವಳು ಉದಾಸೀನ ಮಾಡಿರಲಿಲ್ಲ. ರಾತ್ರಿಯಿಡೀ ನೀರಿನಲ್ಲಿ ನೆನೆಸಿದ್ದಳು. ಬೆಳಿಗ್ಗೆ ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿ ನೀರು ಚೆಲ್ಲಿ, ಹಸಿ ಮಡಿಕೆಯನ್ನೇ ದೊಡ್ಡ ಬರ್ನರ್ ಮೇಲಿಟ್ಟು, ಉರಿ ಪೂರ್ತಿ ಏರಿಸಿ ಒಗ್ಗರಣೆಗೆ ಎಣ್ಣೆ ಹಾಕಿದ್ದಳು. ಸಾಸಿವೆ ಸಿಡಿಯುವ ಮೊದಲೇ ಮಡಿಕೆ ಟಪ್ ಅಂದಿತ್ತು.

ಅಪ್ಪ ಆಗ ಹೇಳಿದ್ದು ಇದು. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ನೆನೆಸಿದಾಗ ಅಲ್ಲೆಲ್ಲ ನೀರು ತುಂಬಿಕೊಳ್ಳುತ್ತದೆ. ಒಮ್ಮೆಲೇ ಜೋರು ಉರಿ ತಾಗಿದರೆ ಆ ನೀರು ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಬೇಕು. ಹೊರಗೆ ಹೋಗಲು ಪುರುಸೊತ್ತು ಸಿಗದಿದ್ದರೆ ಅದು ಮಣ್ಣನ್ನೇ ಸೀಳುತ್ತದೆ. ಇದರ ಜೊತೆಗೆ ಇನ್ನೊಂದು ಸಮಸ್ಯೆ. ಸೌದೆ ಒಲೆಯಲ್ಲಿ ಉರಿ ನಿಧಾನವಾಗಿ ಏರಿ ಮಡಿಕೆಯ ಹೊಟ್ಟೆಯನ್ನೆಲ್ಲ ಸವರಿಕೊಂಡು ಹೋಗುತ್ತದೆ. ಗ್ಯಾಸ್ ಉರಿ ಒಂದೇ ಜಾಗಕ್ಕೆ ಬಡಿಯುತ್ತದೆ. ಕಾದ ತಳ ಹಿಗ್ಗುತ್ತದೆ, ತಣ್ಣಗಿರುವ ಪಕ್ಕ ಹಿಗ್ಗುವುದಿಲ್ಲ. ಇವೆರಡರ ನಡುವೆ ಬಿರುಕು ಬೀಳುತ್ತದೆ.

ಅಂದರೆ ಮಡಿಕೆಯ ತಪ್ಪೂ ಅಲ್ಲ, ಗೆಳತಿಯ ತಪ್ಪೂ ಅಲ್ಲ. ಸಂತೆಯಲ್ಲಿ ಕೊಳ್ಳುತ್ತಿದ್ದ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮಗೆ ಹೇಳಿಕೊಡಬೇಕು, ಅಷ್ಟೇ.

ಹಾಗಾಗಿ ಮೊದಲು ಪಳಗಿಸೋದು ಹೇಗೆ ಅಂತ ಹೇಳಿಬಿಡ್ತೀನಿ. ಇದಕ್ಕೆ ಎರಡು ಮೂರು ದಿನ ಬೇಕು, ಆದರೆ ನಿಮ್ಮ ಕೆಲಸ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ.

ಶುಕ್ರವಾರ ರಾತ್ರಿ ಮಡಿಕೆಯನ್ನು ಪೂರ್ತಿ ಮುಳುಗುವಂತೆ ಬಕೆಟ್ ನೀರಿನಲ್ಲಿ ಇಡಿ. ಸುಂಯ್ ಅಂತ ಸಣ್ಣ ಗುಳ್ಳೆ ಏಳುತ್ತವೆ. ಗಾಬರಿ ಬೇಡ, ರಂಧ್ರಗಳಿಂದ ಗಾಳಿ ಹೊರಗೆ ಬರ್ತಾ ಇದೆ. ನೆನೆಸೋದರಿಂದ ಆವಿಗೆಯ ಬೂದಿ, ದೂಳು ಸಡಿಲವಾಗುತ್ತದೆ. ಶನಿವಾರ ರಾತ್ರಿ ತೆಗೆದು, ತೆಂಗಿನ ನಾರಿನಿಂದ ಉಜ್ಜಿ ತೊಳೆದು, ನೆರಳಿನಲ್ಲಿ ಒಣಗಲು ಬಿಡಿ. ಒದ್ದೆ ಮಣ್ಣಿನ ಬಣ್ಣ ಗಾಢವಾಗಿರುತ್ತದೆ. ಬಣ್ಣ ಎಲ್ಲ ಕಡೆ ಒಂದೇ ಸಮ ತಿಳಿಯಾದರೆ ಒಣಗಿದೆ ಅಂತ ಅರ್ಥ. ಉಳಿದ ಕಡೆ ಒಣಗಿದ ಮೇಲೂ ಒಂದು ಗೆರೆ ಮಾತ್ರ ಒದ್ದೆಯಾಗೇ ಕಂಡರೆ ಅಲ್ಲಿ ಕೂದಲೆಳೆ ಬಿರುಕು ಇರಬಹುದು. ಅಂಥದ್ದನ್ನು ಒಲೆಗೆ ಇಡಬೇಡಿ, ನನಗೆ ವಾಪಸ್ ಕೊಡಿ.

ಒಣಗಿದ ಮೇಲೆ ಒಳಗಡೆ ಒಂದು ಚಮಚ ಅಡುಗೆ ಎಣ್ಣೆ ಸವರಿ. ಆಮೇಲೆ ಮುಕ್ಕಾಲು ಭಾಗ ತೆಳು ಅಕ್ಕಿ ಗಂಜಿ ತುಂಬಿ, ಸಣ್ಣ ಬರ್ನರ್‌ನಲ್ಲಿ ಅತಿ ಸಣ್ಣ ಉರಿಯಲ್ಲಿಡಿ. ಅನ್ನ ಬಸಿದ ತಿಳಿ ಇದ್ದರೆ ಅದೂ ಆಗುತ್ತೆ. ಐದಾರು ನಿಮಿಷ ಹಾಗೇ ಬಿಟ್ಟು ಆಮೇಲೆ ಸ್ವಲ್ಪ ಏರಿಸಿ. ಅರ್ಧ ಗಂಟೆ ಸಣ್ಣಗೆ ಕುದ್ದರೆ ಸಾಕು. ಒಲೆ ಆರಿಸಿ, ಗಂಜಿ ಮಡಿಕೆಯಲ್ಲೇ ತಣ್ಣಗಾಗಲಿ. ಹೀಗೆ ಎರಡು ಅಥವಾ ಮೂರು ಸಲ.

ಬರೀ ಅಕ್ಕಿ ತೊಳೆದ ನೀರು ಹಾಕಿ ರಾತ್ರಿಯಿಡೀ ಇಟ್ಟರೆ ಸಾಲದಾ ಅಂತ ಬಹಳ ಜನ ಕೇಳ್ತಾರೆ. ಸಾಲದು. ಅದರಲ್ಲಿರೋದು ಹಸಿ ಪಿಷ್ಟ, ತಳಕ್ಕೆ ಇಳಿದು ಕೂರುತ್ತೆ, ತೊಳೆದರೆ ಹೋಗುತ್ತೆ. ಕಾಯಿಸಿದಾಗ ಮಾತ್ರ ಪಿಷ್ಟ ಅಂಟಾಗಿ, ರಂಧ್ರಗಳ ಬಾಯಿಗೆ ಹಿಡಿದುಕೊಳ್ಳುತ್ತೆ. ಹಾಗಂತ ಪೂರ್ತಿ ಮುಚ್ಚಿಹೋಗಲ್ಲ. ಮೊದಮೊದಲು ಮಡಿಕೆಯ ಹೊರಮೈ ಸ್ವಲ್ಪ ಬೆವರಿದರೆ ಅದು ಸಹಜ. ಹನಿಹನಿಯಾಗಿ ತೊಟ್ಟಿಕ್ಕಿದರೆ ಮಾತ್ರ ದೋಷ.

ಅಡುಗೆ ಮಾಡುವಾಗ ನೆನಪಿಡಬೇಕಾದ್ದು ಒಂದೇ: ಬಿಸಿ, ತಣ್ಣಗು ಎರಡನ್ನೂ ನಿಧಾನವಾಗಿ ತೋರಿಸಿ. ಖಾಲಿ ಮಡಿಕೆಯನ್ನು ಕಾಯಿಸಬೇಡಿ, ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಕೊನೆಗೆ ಸುರಿಯಿರಿ. ಸಾರು ಗಟ್ಟಿಯಾಯ್ತು ಅಂತ ಕುದಿಯುವ ಮಡಿಕೆಗೆ ನಲ್ಲಿ ನೀರು ಹಾಕಬೇಡಿ, ಬಿಸಿ ನೀರು ಹಾಕಿ. ಇಳಿಸುವಾಗ ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಇಡಲೇಬೇಡಿ. ಹಳೆ ಬಟ್ಟೆಯ ಸಿಂಬಿ ಮಾಡಿ ಅದರ ಮೇಲಿಡಿ. ಇಳಿಸಿದ ಮೇಲೂ ಸಾರು ಒಂದಷ್ಟು ಹೊತ್ತು ಕುದಿಯುತ್ತಲೇ ಇರುತ್ತೆ, ಆದ್ದರಿಂದ ಐದು ನಿಮಿಷ ಮೊದಲೇ ಒಲೆ ಆರಿಸಿ. ಇನ್ನು ಇಂಡಕ್ಷನ್ ಸ್ಟವ್ ಮಾತ್ರ ಇರುವವರು ದಯವಿಟ್ಟು ಮಡಿಕೆ ಕೊಳ್ಳಬೇಡಿ. ಅದು ಕಬ್ಬಿಣದ ಅಂಶವಿರುವ ತಳವನ್ನಷ್ಟೇ ಕಾಯಿಸುತ್ತೆ, ಮಣ್ಣನ್ನು ಕಾಯಿಸಲ್ಲ. ಮೊಸರಿನ ಕುಡಿಕೆ ಸಾಕು ನಿಮಗೆ.

ಐದನೇ ಮಡಿಕೆ ಒಡೆದಿರಲಿಲ್ಲ. ಸಾರು ಸೋಪಿನ ವಾಸನೆ ಬರುತ್ತೆ ಅಂತ ವಾಪಸ್ ಬಂದಿತ್ತು. ಕಾರಣ ನಿಮಗೀಗ ಗೊತ್ತಿರಬೇಕು. ನೀರು ಹೋಗುವ ರಂಧ್ರಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ಡೂ ಹೋಗುತ್ತೆ, ಕುದಿಯುವಾಗ ಹೊರಗೆ ಬರುತ್ತೆ. ನಮ್ಮಮ್ಮ ಮೂರು ಸಲ ಬರೀ ನೀರು ತುಂಬಿ ಕುದಿಸಿ ಚೆಲ್ಲಿದ ಮೇಲೆ ವಾಸನೆ ಹೋಯ್ತು. ಈಗ ಆ ಮಡಿಕೆ ನನ್ನ ಅಡುಗೆಮನೆಯಲ್ಲೇ ಇದೆ.

ತೊಳೆಯೋಕೆ ಬಿಸಿ ನೀರು, ತೆಂಗಿನ ನಾರು ಸಾಕು. ಜಿಡ್ಡಿದ್ದರೆ ಒಂದು ಹಿಡಿ ಕಡಲೆ ಹಿಟ್ಟು ಹಾಕಿ ಉಜ್ಜಿ. ತಳ ಹಿಡಿದಿದ್ದರೆ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಒಂದೆರಡು ಗಂಟೆ ಬಿಡಿ, ಕಬ್ಬಿಣದ ಬ್ರಶ್ ಮುಟ್ಟಿಸಬೇಡಿ. ಮೀನು, ಮಾಂಸಕ್ಕೆ ಒಂದು, ಸಾರಿಗೆ ಒಂದು ಅಂತ ಬೇರೆ ಇಟ್ಟುಕೊಳ್ಳಿ. ವಾಸನೆಯನ್ನೂ ಮಣ್ಣು ಬಚ್ಚಿಟ್ಟುಕೊಳ್ಳುತ್ತೆ. ಮೊಸರಿಗಂತೂ ಪ್ರತ್ಯೇಕ ಕುಡಿಕೆ ಬೇಕೇ ಬೇಕು.

ಆರನೆಯದು "ಬೂಷ್ಟು ಹಿಡಿದಿದೆ" ಅಂತ ಬಂದಿದ್ದು. ಹೊರಮೈ ಮೇಲೆ ಬಿಳಿ ಪುಡಿ. ಅಪ್ಪ ಉಗುರಿನಿಂದ ಕೆರೆದರು, ಒಣ ಪುಡಿ ಉದುರಿತು. ಒದ್ದೆ ಬಟ್ಟೆಯಿಂದ ಒರೆಸಿದರು, ಹೋಯ್ತು. ಅದು ಬೂಷ್ಟಲ್ಲ, ಉಪ್ಪು. ನಮ್ಮ ಬೋರ್‌ವೆಲ್ ಗಡಸು ನೀರಿನ ಲವಣ ಮಣ್ಣಿನ ಮೂಲಕ ಹೊರಗೆ ಬಂದು ಒಣಗಿದ್ದು, ಅದರಿಂದ ತೊಂದರೆ ಇಲ್ಲ. ನಿಜವಾದ ಬೂಷ್ಟು ಹತ್ತಿಯಂತೆ ನವಿರಾಗಿ, ಮುಗ್ಗಲು ವಾಸನೆ ಇರುತ್ತೆ. ಒದ್ದೆ ಮಡಿಕೆಗೆ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟರೆ ಅದು ಖಂಡಿತ ಬರುತ್ತೆ. ಹಾಗಾದರೆ ಸೋಡಾ ಹಾಕಿ ಉಜ್ಜಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮತ್ತೆ ಒಂದು ಸಲ ಗಂಜಿ ಕುದಿಸಿ. ಬಾರದಂತೆ ನೋಡಿಕೊಳ್ಳೋದು ಸುಲಭ: ತೊಳೆದ ಮೇಲೆ ಗಾಳಿಯಾಡುವ ಕಡೆ ಬಾಯಿ ತೆರೆದಿಡಿ.

ಏಳನೇ ಮಡಿಕೆ ಹಿಡಿದು ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅದರ ಹೊರಮೈಯಿಂದ ಎಂಟಾಣೆ ಅಗಲದ ಚಕ್ಕೆ ಎದ್ದಿತ್ತು. ಕುಳಿಯ ನಡುವೆ ಒಂದು ಬಿಳಿ ಚುಕ್ಕೆ.

"ಇದು ನಂದೇ ತಪ್ಪು ಕಣಮ್ಮಾ," ಅಂದರು.

ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಉಳಿದುಬಿಟ್ಟಿತ್ತು. ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತೆ. ಆಮೇಲೆ ಗಾಳಿಯ ತೇವ ಹೀರಿ ಊದಿಕೊಂಡು ಮೇಲಿನ ಮಣ್ಣನ್ನು ಎಬ್ಬಿಸುತ್ತೆ. ಕೆಲವು ಸಲ ವಾರಗಳಾದ ಮೇಲೆ. "ಕಣ್ಣು ಮಂಜಾಗಿದೆ, ಜರಡಿನೂ ಹಳೇದು" ಅಂತ ಅವರಷ್ಟಕ್ಕೆ ಅವರೇ ಹೇಳಿಕೊಂಡರು. ಮೊದಲ ಆರು ಮಡಿಕೆಗೆ ಸಮಜಾಯಿಷಿ ಸಿಕ್ಕಿದ ಖುಷಿಗಿಂತ ಆ ಒಂದರ ಬೇಜಾರೇ ಅವರಿಗೆ ದೊಡ್ಡದಾಗಿತ್ತು.

ಊರಿಗೆ ಹೋಗಿ ಮೂರು ಬದಲಾವಣೆ ಮಾಡಿದ್ದಾರೆ. ಮಣ್ಣನ್ನು ನೀರಲ್ಲಿ ಕದಡಿ, ಹೊಸ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ. ಗ್ಯಾಸ್ ಒಲೆ ಮೇಲೆ ಅಲ್ಲಾಡದಿರಲಿ ಅಂತ ದುಂಡು ತಳವನ್ನು ಅಂಗೈ ಅಗಲದಷ್ಟು ಮಾತ್ರ ಚಪ್ಪಟೆ ತಟ್ಟಿದ್ದಾರೆ. ಪೂರ್ತಿ ಚಪ್ಪಟೆ ಮಾಡಿದರೆ ಅಂಚಿನಲ್ಲಿ ಮೂಲೆ ಬಂದು, ಕಾವಿಗೆ ಅಲ್ಲೇ ಬಿರುಕು ಬಿಡುತ್ತಂತೆ. ಜೊತೆಗೆ, ಸುಟ್ಟ ಪ್ರತಿ ಪಾತ್ರೆಯನ್ನು ಒಂದು ರಾತ್ರಿ ನೆನೆಸಿ, ಹದಿನೈದು ದಿನ ಅಂಗಳದಲ್ಲಿಟ್ಟು ಕಾಯುತ್ತಾರೆ. ಸುಣ್ಣದ ಹರಳಿದ್ದರೆ ಅಲ್ಲೇ ಸಿಡಿಯಲಿ, ನಿಮ್ಮ ಮನೆಯಲ್ಲಲ್ಲ ಅಂತ. ಈ ಸಲದ ಆವಿಗೆಯಲ್ಲಿ 41 ಇಟ್ಟಿದ್ದರು, ಕೊನೆಗೆ ಉಳಿದಿದ್ದು 36.

ಬಣ್ಣ, ಹೊಳಪು ಯಾವುದೂ ಹಚ್ಚಿಲ್ಲ. ಕಪ್ಪು ಮಡಿಕೆಗಳ ಕಪ್ಪು, ಆವಿಗೆಯಲ್ಲಿ ಹೊಗೆ ಕಟ್ಟಿ ಬಂದದ್ದು. ಕೊಳ್ಳುವಾಗ ಮಡಿಕೆಯನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಬೊದ್ ಅಂದರೆ ಎಲ್ಲೋ ಸೀಳಿದೆ, ಬೇರೆ ಎತ್ತಿಕೊಳ್ಳಿ. ನೀವು ತಟ್ಟಿದರೆ ಅಪ್ಪನಿಗೆ ಬೇಜಾರಿಲ್ಲ. ತಟ್ಟದೆ ತಗೊಂಡು ಹೋದರೆ ಬೇಜಾರು.

ಭಾನುವಾರ ಅವರೂ ಬರ್ತಾರೆ. ಆ ಏಳನೇ ಮಡಿಕೆಯನ್ನು ಮೇಜಿನ ಮೇಲೆ ಇಡಬೇಕಂತೆ, ಎಲ್ಲರಿಗೂ ಕಾಣೋ ಹಾಗೆ. ಯಾಕಪ್ಪಾ ಅಂತ ಕೇಳಿದ್ದಕ್ಕೆ, "ಚಕ್ಕೆ ಎದ್ರೆ ನನ್ನ ಹತ್ರ ತರ್ಲಿ, ತಳ ಸೀಳಿದ್ರೆ ನಿನ್ನ ಹತ್ರ ಕೇಳ್ಲಿ" ಅಂದರು. ಅದಕ್ಕೇ ಇಷ್ಟೆಲ್ಲ ಬರೆದಿದ್ದು.