ಕಾಕಾನ ತೊಗರಿ ಕಟ್ಟಿಗೆ ಮತ್ತು ನನ್ನ 30 ಲೀಟರ್ ಪೆಟ್ರೋಲ್

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಶಹಾಪುರ ತಾಲೂಕಿನ ವನದುರ್ಗ. ಕೋಟೆ ಇರುವ ಊರು ಅಂದ್ರೆ ನಮ್ಮ ಕಡೆಯವರಿಗೆ ಗೊತ್ತಾಗುತ್ತೆ, ಬೆಂಗಳೂರಿನವರಿಗೆ ಯಾದಗಿರಿ ಎಲ್ಲಿದೆ ಅನ್ನೋದರಿಂದ ಶುರು ಮಾಡಬೇಕು :-)

ತೊಗರಿ ರಾಶಿ ಮುಗಿದಿತ್ತು. ಹೊಲದ ಬದುವಿನಲ್ಲಿ ಕಟ್ಟಿಗೆ ಒಟ್ಟಿದ್ದರು. ಕಾಕಾ ನನ್ನ ನೋಡಿದ ಕೂಡಲೇ ಕೇಳಿದ್ದು ಇದು: "ಅಲ್ಲೋ ತಮ್ಮಾ, ಮೊನ್ನೆ ಒಬ್ಬಾಂವ ಬಂದಿದ್ದ, ತೊಗರಿ ಕಟ್ಟಿಗಿ ಸುಟ್ರ ಭೂಮಿ ಕಾಯ್ತದ, ಸುಡಬ್ಯಾಡ್ರಿ ಅಂತ ಹೇಳಿ ಹೋದ. ಹೋಗೂಮುಂದ ಜೀಪು ಹತ್ತಿ ಹೋದ. ಅವನ ಜೀಪಿನ ಹೊಗಿ ಭೂಮಿ ಕಾಸಂಗಿಲ್ಲೇನು?"

ನಾನು ಓದಿದವನು ಅನ್ನೋ ಗತ್ತಿನಲ್ಲಿ "ಎರಡೂ ಅದ ಕಾಕಾ, ಹೊಗಿ ಹೊಗೀನ" ಅಂದುಬಿಟ್ಟೆ. ಅದು ತಪ್ಪು ಉತ್ತರ. ವಾಪಸ್ ಬಂದು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು ಎಷ್ಟು ತಪ್ಪು ಅಂತ. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಕಾಕಾನ ಕಡೆ ನೋಡೋಣ. ಅವರ ಒಟ್ಟಿಲು ಸುಮಾರು 2 ಕ್ವಿಂಟಲ್ ಅಂತ ಇಟ್ಕೊಳ್ಳಿ. ಚೆನ್ನಾಗಿ ಒಣಗಿದ ಕಟ್ಟಿಗೆಯ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇಂಗಾಲ, ಅಂದ್ರೆ ಸುಮಾರು 90 ಕಿಲೋ. ಉರಿದಾಗ ಪ್ರತಿ ಕಿಲೋ ಇಂಗಾಲಕ್ಕೂ ಗಾಳಿಯ ಆಮ್ಲಜನಕ ಸೇರಿ 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತೆ. ಒಟ್ಟು 330 ಕಿಲೋ.

ಇನ್ನು ನನ್ನ ಕಡೆ. ಬೆಂಗಳೂರಿನಿಂದ ಊರಿಗೆ ಬರೋಕೆ ನನ್ನ ಕಾರು ಸುಮಾರು 30 ಲೀಟರ್ ಪೆಟ್ರೋಲ್ ಕುಡೀತು. ಲೀಟರಿಗೆ 2.3 ಕಿಲೋ ಲೆಕ್ಕದಲ್ಲಿ ಹೆಚ್ಚುಕಡಿಮೆ 70 ಕಿಲೋ ಆಯ್ತು.

ನೋಡಿ, ಬರೀ ಹೊಗೆ ತೂಗಿದರೆ ಕಾಕಾನೇ ಅಪರಾಧಿ, ನನಗಿಂತ ನಾಲ್ಕೂವರೆ ಪಟ್ಟು ಹೆಚ್ಚು! ಕಟ್ಟಿಗೆ ಸುಡುವವರನ್ನು ಬೈಯುವವರು ಮಾಡೋದು ಇದೇ ಲೆಕ್ಕವನ್ನ. ಆದರೆ ಆ 90 ಕಿಲೋ ಇಂಗಾಲ ಕಟ್ಟಿಗೆಗೆ ಎಲ್ಲಿಂದ ಬಂತು? ಮಣ್ಣಿನಿಂದ ಅಲ್ಲ (ನಾನೂ ಶಾಲೆಯಲ್ಲಿ ಹಾಗೇ ಅಂದುಕೊಂಡಿದ್ದೆ). ಮುಂಗಾರಿಗೆ ಬಿತ್ತಿದ ದಿನದಿಂದ ರಾಶಿ ಮಾಡುವವರೆಗೆ ಆ ಗಿಡದ ಎಲೆಗಳು ನಮ್ಮ ಹೊಲದ ಮೇಲಿನ ಗಾಳಿಯಿಂದಲೇ ಅದನ್ನು ಎಳೆದುಕೊಂಡವು. ಜೂನಿನಲ್ಲಿ ಗಾಳಿಯಿಂದ ತೆಗೆದುಕೊಂಡದ್ದು ಜನವರಿಯಲ್ಲಿ ಗಾಳಿಗೆ ಹೋಯ್ತು. ಸುಡದೇ ಹೊಲದಲ್ಲೇ ಬಿಟ್ಟಿದ್ದರೂ ಗೆದ್ದಲು, ಶಿಲೀಂಧ್ರಗಳು ತಿಂದು ಕೆಲವೇ ವರ್ಷಗಳಲ್ಲಿ ಅದರ ಬಹುಪಾಲನ್ನು ಗಾಳಿಗೇ ಬಿಡುತ್ತಿದ್ದವು. ಮುಂದಿನ ಮುಂಗಾರಿಗೆ ಮತ್ತೆ ತೊಗರಿ, ಮತ್ತೆ ಅದೇ ಸಾಲ, ಅದೇ ತೀರುವಳಿ.

ನನ್ನ ಪೆಟ್ರೋಲಿನಲ್ಲಿದ್ದ 19 ಕಿಲೋ ಇಂಗಾಲ ಈ ಖಾತೆಯಲ್ಲಿ ಇರಲೇ ಇಲ್ಲ. ಅದು ಕೋಟ್ಯಂತರ ವರ್ಷಗಳಿಂದ ನೆಲದಡಿ ಬೀಗ ಹಾಕಿಟ್ಟಿದ್ದ ಗಂಟು. ಗಾಳಿ, ಸಮುದ್ರ, ಗಿಡಮರ ಅಂತ ಮೂವರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ದುಡ್ಡು ಕೈ ಬದಲಾಯಿಸುತ್ತಾ ಇದ್ದರೆ ಮನೆಯ ಒಟ್ಟು ದುಡ್ಡು ಅಷ್ಟೇ ಇರುತ್ತೆ. ನಾನು ಹಿತ್ತಿಲು ಅಗೆದು ಹೂತಿಟ್ಟ ಗಂಟು ತಂದು ಹಾಕಿದೆ. ಈಗ ಮೂವರೂ ಅದನ್ನು ಹಂಚಿಕೊಳ್ಳಲೇಬೇಕು.

ಹೇಗೆ ಹಂಚಿಕೊಳ್ಳುತ್ತಾರೆ ಅನ್ನೋದೂ ಗೊತ್ತು. ಸದ್ಯದ ಜಾಗತಿಕ ಲೆಕ್ಕದ ಪ್ರಕಾರ ನನ್ನ 19 ಕಿಲೋದಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿಯಲ್ಲೇ ಉಳಿಯುತ್ತೆ. ನಾಲ್ಕನೇ ಒಂದು ಭಾಗ ಸಮುದ್ರಕ್ಕೆ, ಮಿಕ್ಕದ್ದು ಗಿಡಮರ ಮತ್ತು ಮಣ್ಣಿಗೆ. ಹೀಗೆ ಉಳಿದು ಉಳಿದೇ ಕೈಗಾರಿಕಾ ಯುಗಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು, 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯೋಕೆ ಶುರು ಮಾಡಿದಾಗ 315ರ ಆಸುಪಾಸು ಇತ್ತು. ಈಗ 420 ದಾಟಿದೆ.

ಸಮುದ್ರ ಇದೆಯಲ್ಲ, ಅದು ನುಂಗುತ್ತೆ ಬಿಡಿ ಅನ್ನುವವರಿಗೆ ಒಂದು ಮಾತು. ಗೋಲಿ ಸೋಡಾ ತಣ್ಣಗಿದ್ದಾಗ ಅನಿಲವನ್ನು ಹಿಡಿದಿಡುತ್ತೆ, ಬಿಸಿಲಲ್ಲಿಟ್ಟರೆ ಬಿಟ್ಟುಬಿಡುತ್ತೆ. ಸಮುದ್ರದ ನೀರು ಕಾದಷ್ಟೂ ಅದರ ಹಿಡಿತವೂ ಹಾಗೇ ಸಡಿಲ. ಜೊತೆಗೆ ನೀರಿಗೆ ಸೇರಿದ ಅನಿಲ ಅಲ್ಲಿನ ಕಾರ್ಬೊನೇಟಿನ ಜೊತೆ ಕೂಡಿ ಬೈಕಾರ್ಬೊನೇಟ್ ಆಗುತ್ತೆ. ಆ ಕಾರ್ಬೊನೇಟ್ ಖರ್ಚಾದಷ್ಟೂ ಮುಂದಿನ ಕಂತು ನುಂಗುವುದು ಕಷ್ಟ. ಚಿಪ್ಪು ಕಟ್ಟುವ ಜೀವಿಗಳಿಗೂ ಬೇಕಾಗಿರೋದು ಅದೇ ಕಾರ್ಬೊನೇಟ್. ಇನ್ನು ಗಿಡಮರಗಳ ಪಾಲು ಮಳೆಯ ಮೇಲೆ ನಿಂತಿದೆ. 2015-16ರ ಎಲ್ ನಿನೊ ಬರಗಾಲದಲ್ಲಿ ಉಷ್ಣವಲಯದ ಕಾಡುಗಳು ಎಂದಿನಷ್ಟು ಎಳೆದುಕೊಳ್ಳಲಿಲ್ಲ, ಗಾಳಿಯ ಲೆಕ್ಕ ಒಂದೊಂದು ವರ್ಷಕ್ಕೆ ಸುಮಾರು 3 ಭಾಗ ಏರಿತು.

"ಹೊಗೆ ಗಾಳಿಯಲ್ಲಿ ಬೆರೆತ ಮೇಲೆ ಯಾರದ್ದು ಅಂತ ಹೇಗೆ ಹೇಳ್ತೀಯಾ?" ಅಂತ ಗೆಳೆಯನೊಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಜೀವಂತ ಗಿಡದಲ್ಲಿ ಇಂಗಾಲ-14 ಅನ್ನೋ ವಿಕಿರಣಶೀಲ ಇಂಗಾಲ ಅತಿ ಸ್ವಲ್ಪ ಇರುತ್ತೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತಾ ಹೋಗುತ್ತೆ. ಕಾಕಾನ ಕಟ್ಟಿಗೆಯಲ್ಲಿ ಅದು ಇದೆ. ಕಲ್ಲಿದ್ದಲು, ಪೆಟ್ರೋಲಿನಲ್ಲಿ ಎಂದೋ ಖಾಲಿಯಾಗಿದೆ. ಗಾಳಿಯಲ್ಲಿ ಏರಿದ ಅನಿಲ ಕಟ್ಟಿಗೆಯಿಂದ ಬಂದಿದ್ದರೆ ಇಂಗಾಲ-14ರ ಪ್ರಮಾಣ ಹಾಗೇ ಇರಬೇಕಿತ್ತು. ಅದು ತೆಳುವಾಗಿರುವುದನ್ನು ಹ್ಯಾನ್ಸ್ ಸ್ಯೂಸ್ 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ತೋರಿಸಿದರು. ಹಾಲಿಗೆ ನೀರು ಬೆರೆಸಿದ್ದು ಗೊತ್ತಾದ ಹಾಗೆ!

ಹಾಗಂತ ಹೊಲದಲ್ಲಿ ಬೆಂಕಿ ಹಚ್ಚುವುದು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಅರೆಬರೆ ಉರಿದ ಹೊಗೆಯಲ್ಲಿ ಮಸಿ, ಮೀಥೇನ್ ಇರುತ್ತೆ, ಇವು ಭೂಮಿಯನ್ನು ಕಾಸುತ್ತವೆ ಕೂಡ. ಒಲೆ ಊದುವ ಹೆಂಗಸರ ಕಣ್ಣು, ಎದೆ ಕೆಡುತ್ತೆ. ಮಣ್ಣಿಗೆ ಸೇರಬೇಕಾದ ಸಾರಜನಕ ಹಾರಿಹೋಗುತ್ತೆ. ಸುಡಬೇಡಿ ಅನ್ನೋಕೆ ಇಷ್ಟು ಕಾರಣ ಸಾಕು, ಇವನ್ನೇ ಹೇಳಿ. ಇಂಗಾಲದ ಅಪರಾಧವನ್ನು ಯಾಕೆ ಹೊರಿಸುತ್ತೀರಿ? ಮೂವತ್ತು ವರ್ಷದ ಬೇವಿನ ಮರ ಕಡಿದು ಸುಟ್ಟರೆ ಮಾತು ಬೇರೆ, ಆ ಸಾಲ ತೀರೋಕೆ ಇನ್ನೊಂದು ಮರ ಮೂವತ್ತು ವರ್ಷ ಬೆಳೀಬೇಕು. ತೊಗರಿಗೆ ಒಂದೇ ಹಂಗಾಮು ಸಾಕು.

ನಮ್ಮ ಭಾಗದಲ್ಲಿ ಹೂತ ಗಂಟು ಅಗೆಯುವ ದೊಡ್ಡ ಜಾಗ ನೋಡಬೇಕಂದ್ರೆ ಕೃಷ್ಣೆಯ ದಂಡೆಯಲ್ಲೇ ಕೆಳಗೆ ಹೋಗಿ, ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರ. 1985ರಿಂದ ಕರೆಂಟು ಕೊಡ್ತಾ ಇದೆ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ 1 ಕಿಲೋ ಇಂಗಾಲದ ಡೈಆಕ್ಸೈಡ್. ಅಲ್ಲಿನ 210 ಮೆಗಾವ್ಯಾಟಿನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು 200 ಟನ್. ಕಾಕಾನ ಒಟ್ಟಿಲಿನಂಥ ಆರುನೂರು ಒಟ್ಟಿಲು, ಒಂದೇ ಗಂಟೆಯಲ್ಲಿ! ಅದೂ ವಾಪಸ್ ಎಳೆದುಕೊಳ್ಳೋಕೆ ಯಾವ ಬೆಳೆಯೂ ಕಾದು ನಿಂತಿಲ್ಲದ ಇಂಗಾಲ.

ಆ ಕರೆಂಟಿನಲ್ಲಿ ಬೆಂಗಳೂರಿನ ನನ್ನ ಫ್ರಿಜ್ಜೂ ಓಡುತ್ತೆ, ಕಾಕಾನ ಪಂಪ್‌ಸೆಟ್ಟೂ ಓಡುತ್ತೆ, ಅದನ್ನೂ ಹೇಳಬೇಕಲ್ಲ.

ನಿನ್ನೆ ಫೋನ್ ಮಾಡಿ ಕಾಕಾಗೆ ಇಷ್ಟನ್ನೂ ಹೇಳಿ ನನ್ನ ಉತ್ತರ ತಪ್ಪಾಗಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ ಕಟ್ಟಿಗಿ ಒಲಿಗೆ ಹಾಕ್ಲೋ ಬ್ಯಾಡೋ?" ಅಂದರು. ಒಲೆಗೆ ಹಾಕಿ ಕಾಕಾ, ಆದ್ರ ಚಿಮಣಿ ಇರೋ ಒಲಿ ಮಾಡಸ್ರಿ, ಕಾಕಿ ಕೆಮ್ಮು ಕಡಿಮಿ ಆಗ್ತದ ಅಂದೆ. "ಮುಂದಿನ ಸಲ ಬಸ್ಸಿಗೆ ಬಾ ಹಂಗಾರ" ಅಂದು ಫೋನ್ ಇಟ್ಟರು :-)