ಗ್ರಾನೈಟ್ ಜಾರುತ್ತದೆ, ವಿಟ್ರಿಫೈಡ್ ಜಾರುವುದಿಲ್ಲ: ಈ ಮಾತು ಎಷ್ಟು ನಿಜ?

ಮಳೆಗಾಲ ಶುರುವಾದ ಕೂಡಲೇ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜು ಓಡಾಡುತ್ತದೆ. ಗ್ರಾನೈಟ್ ನೆಲದಲ್ಲಿ ಹಿರಿಯರು ಜಾರಿ ಬೀಳುತ್ತಾರೆ, ಮಾರ್ಬಲ್ ಶ್ರೀಮಂತರಿಗೆ ಮಾತ್ರ, ವಿಟ್ರಿಫೈಡ್ ಟೈಲ್ಸ್ ಹಾಕಿಸಿದರೆ ಚಿಂತೆಯೇ ಇಲ್ಲ, ಎಲ್ಲರಿಗೂ ಕಳಿಸಿ. ಹೋದ ಮಳೆಗಾಲದಲ್ಲಿ ನಮ್ಮ ಗ್ರೂಪಿಗೆ ಇದು ಬಂದದ್ದು ನಮ್ಮ ಅತ್ತೆ ಜಗಲಿಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ವಾರದಲ್ಲೇ. ಹಾಗಾಗಿ ಮಾವ ಅದನ್ನು ಬರೀ ಓದಿ ಬಿಡಲಿಲ್ಲ. ಇಡೀ ಮನೆಯ ಗ್ರಾನೈಟ್ ಕೀಳಿಸಿ ಹೊಳೆಯುವ ವಿಟ್ರಿಫೈಡ್ ಹಾಕಿಸಲು ಟೈಲ್ಸ್ ಮೇಸ್ತ್ರಿಯನ್ನು ಕರೆಸಿಯೇಬಿಟ್ಟರು.

ಅವರ ಮನೆ ಇರುವುದು ತರೀಕೆರೆ ತಾಲ್ಲೂಕಿನಲ್ಲಿ, ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ದಿಕ್ಕಿನಲ್ಲಿ. ಆ ಊರಿನ ಹೆಸರಿನಲ್ಲೇ ಕೆಂಪು ಮಣ್ಣಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಬೆಟ್ಟವದು. ಜೂನ್‌ನಿಂದ ಮಳೆ, ಮಂಜು, ಚಪ್ಪಲಿಗೆ ಅಂಟಿಕೊಂಡು ಒಳಗೆ ಬರುವ ಕೆಸರು. ನೆಲದ ಪರೀಕ್ಷೆಗೆ ಇದಕ್ಕಿಂತ ಕಷ್ಟದ ಜಾಗ ಸಿಗುವುದು ಅಪರೂಪ.

ಮೇಸ್ತ್ರಿ ಜಗಲಿಯ ಮೇಲೆ ಒಂದು ಚೊಂಬು ನೀರು ಸುರಿದು, ಕಾಲಿನಿಂದ ಉಜ್ಜಿ ನೋಡಿ ಹೇಳಿದ ಮಾತು ಇಷ್ಟೇ: "ಕಲ್ಲು ಜಾರಲ್ಲ ಮೇಡಂ, ಪಾಲಿಶ್ ಜಾರೋದು."

ಫಾರ್ವರ್ಡ್ ತಪ್ಪಿರುವುದು ಇಲ್ಲೇ. ನೆಲ ಒಣಗಿದ್ದಾಗ ಪಾಲಿಶ್ ಮಾಡಿದ ಗ್ರಾನೈಟ್ ಮೇಲೂ ಕಾಲು ಸರಿಯಾಗಿಯೇ ನಿಲ್ಲುತ್ತದೆ. ನೀರು ಬಿದ್ದಾಗ ಪಾದಕ್ಕೂ ನೆಲಕ್ಕೂ ನಡುವೆ ತೆಳ್ಳನೆಯ ನೀರಿನ ಪದರ ಕೂರುತ್ತದೆ. ನೆಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳಿದ್ದರೆ, ಉಬ್ಬುಗಳು ಆ ಪದರವನ್ನು ಸೀಳಿ ಪಾದಕ್ಕೆ ತಾಗುತ್ತವೆ, ನೀರು ತಗ್ಗಿನೊಳಗೆ ಸರಿಯುತ್ತದೆ. ಕನ್ನಡಿಯ ಹಾಗೆ ಪಾಲಿಶ್ ಮಾಡಿದ ನೆಲದಲ್ಲಿ ನೀರಿಗೆ ಸರಿಯಲು ಜಾಗವೇ ಇಲ್ಲ, ಪಾದ ನೀರಿನ ಮೇಲೆ ತೇಲಿದಂತೆ ಹೋಗುತ್ತದೆ. ಆ ಹೊಳಪು ಗ್ರಾನೈಟಿನದಾಗಲಿ, ಮಾರ್ಬಲ್‌ನದಾಗಲಿ, ವಿಟ್ರಿಫೈಡ್ ಟೈಲ್ಸಿನದಾಗಲಿ, ಪಾದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀರಿನ ಜೊತೆ ನಯವಾದ ಕೆಮ್ಮಣ್ಣು ಸೇರಿದರೆ ಪದರ ಇನ್ನೂ ದಪ್ಪಗಾಗುತ್ತದೆ, ಜಾರುವುದೂ ಹೆಚ್ಚುತ್ತದೆ.

ಅಂದರೆ ಮಾವ ಆರಿಸಿಟ್ಟಿದ್ದ ಹೊಳೆಯುವ ಟೈಲ್ಸಿನ ಮೇಲೂ ಅತ್ತೆ ಬೀಳುವ ಸಾಧ್ಯತೆ ಹಾಗೆಯೇ ಉಳಿಯುತ್ತಿತ್ತು.

ಆರ್-9 ಎಂದರೆ ಹತ್ತಕ್ಕೆ ಒಂಬತ್ತು ಅಲ್ಲ

ಹಾಗಾದರೆ ಜಾರದ ಟೈಲ್ಸನ್ನು ಗುರುತಿಸುವುದು ಹೇಗೆ? ಕಂಪನಿಯ ಕ್ಯಾಟಲಾಗಿನಲ್ಲಿ, ಕೆಲವು ಸಲ ಡಬ್ಬದ ಮೇಲೂ, ಇಂಗ್ಲಿಷಿನ 'ಆರ್' ಅಕ್ಷರದ ಪಕ್ಕ 9ರಿಂದ 13ರವರೆಗೆ ಒಂದು ಸಂಖ್ಯೆ ಇರುತ್ತದೆ. ಇದು ಜರ್ಮನಿಯಲ್ಲಿ ಶುರುವಾದ ಒಂದು ಪರೀಕ್ಷೆಯ ಫಲಿತಾಂಶ. ಇಳಿಜಾರಾಗಿಸಬಹುದಾದ ಹಲಗೆಯ ಮೇಲೆ ಟೈಲ್ಸ್ ಜೋಡಿಸಿ ಎಣ್ಣೆ ಸುರಿಯುತ್ತಾರೆ. ಬೀಳದಂತೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಒಬ್ಬರು ಶೂ ಹಾಕಿಕೊಂಡು ಅದರ ಮೇಲೆ ಹಿಂದೆ ಮುಂದೆ ನಡೆಯುತ್ತಾರೆ. ಹಲಗೆಯನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ, ಯಾವ ಕೋನಕ್ಕೆ ಕಾಲು ಜಾರಿತು ಎಂದು ನೋಡುತ್ತಾರೆ. 6ರಿಂದ 10 ಡಿಗ್ರಿಯೊಳಗೆ ಜಾರಿದರೆ ಆರ್-9. 10ರಿಂದ 19 ಡಿಗ್ರಿ ಆರ್-10. 19ರಿಂದ 27 ಡಿಗ್ರಿ ಆರ್-11.

ಎಣಿಕೆ ಶುರುವಾಗುವುದೇ 9ರಿಂದ. ಆದ್ದರಿಂದ "ಇದು ಆರ್-9, ತುಂಬಾ ಒಳ್ಳೆ ಗ್ರಿಪ್" ಎಂದು ಯಾರಾದರೂ ಹೇಳಿದರೆ, ಅವರು ಆ ಸಾಲಿನ ಕಟ್ಟಕಡೆಯದನ್ನು ತೋರಿಸುತ್ತಿದ್ದಾರೆ ಎಂದರ್ಥ. ಒಣಗಿರುವ ಹಾಲಿಗೆ ಅದು ಸಾಕು, ಮಳೆ ಬಡಿಯುವ ಜಗಲಿಗೆ ಸಾಲದು. ಅಲ್ಲಿಗೆ ಆರ್-11 ಕೇಳಿ.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಈ ಪರೀಕ್ಷೆ ನಡೆಯುವುದು ಶೂ ಹಾಕಿಕೊಂಡು. ಬಚ್ಚಲಿಗೆ ನಾವು ಬರಿಗಾಲಲ್ಲಿ ಹೋಗುತ್ತೇವೆ. ಬರಿಗಾಲು ಮತ್ತು ಸೋಪಿನ ನೀರಿನ ಪರೀಕ್ಷೆ ಬೇರೆಯೇ ಇದೆ, ಅದರ ದರ್ಜೆಗಳು ಎ, ಬಿ, ಸಿ. 12 ಡಿಗ್ರಿಯವರೆಗೆ ನಿಂತರೆ ಎ, 18ಕ್ಕೆ ಬಿ, 24ಕ್ಕೆ ಸಿ. ಸ್ನಾನ ಮಾಡುವ ಜಾಗಕ್ಕೆ ಬಿ ದರ್ಜೆ ಕೇಳಿದರೆ ತಪ್ಪಾಗುವುದಿಲ್ಲ.

ಗ್ರಾನೈಟ್ ಕಲ್ಲಿನ ಮೇಲೆ ಇಂಥ ಗುರುತು ಇರುವುದಿಲ್ಲ. ಅಲ್ಲಿ ನೋಡಬೇಕಾದ್ದು ಫಿನಿಶ್. ಫ್ಲೇಮ್ಡ್ ಎಂದರೆ ಕಲ್ಲಿನ ಮೇಲ್ಮೈಗೆ ಜೋರಾದ ಬೆಂಕಿ ಹಾಯಿಸಿ ಸಣ್ಣ ಚಕ್ಕೆ ಏಳುವಂತೆ ಮಾಡಿದ್ದು. ಇದು ಒರಟಾಗಿರುತ್ತದೆ, ಒದ್ದೆಯಲ್ಲೂ ಕಾಲು ಹಿಡಿಯುತ್ತದೆ. ಲೆದರ್ ಫಿನಿಶ್ ಇದಕ್ಕಿಂತ ನಯ, ಪಾಲಿಶ್‌ಗಿಂತ ಒರಟು. ದೇವನಹಳ್ಳಿ ಕಡೆಯ ಬೂದು ಬಣ್ಣದ ಸಾದರಹಳ್ಳಿ ಕಲ್ಲು ಬೆಂಗಳೂರಿನ ಎಷ್ಟೋ ಮನೆಗಳ ಮೆಟ್ಟಿಲು, ಅಂಗಳಗಳಲ್ಲಿ ಒರಟು ಮೈಯಲ್ಲೇ ಕೂತಿದೆ. ಅದೂ ಗ್ರಾನೈಟೇ. ಫಾರ್ವರ್ಡ್ ಬರೆದವರು ಅದರ ಮೇಲೆ ನಡೆದಿದ್ದರೆ ಆ ವಾಕ್ಯ ಬರೆಯುತ್ತಿರಲಿಲ್ಲವೇನೋ.

ಯಾವ ಗುರುತೂ ಸಿಗದಿದ್ದರೆ, ಅಂಗಡಿಗೆ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ. ಸ್ಯಾಂಪಲ್ ಟೈಲ್ಸನ್ನು ನೆಲದ ಮೇಲೆ ಇಡಿಸಿ, ನೀರು ಹಾಕಿ, ಒಂದು ಕೈಯಲ್ಲಿ ಗಟ್ಟಿಯಾಗಿ ಏನನ್ನಾದರೂ ಹಿಡಿದುಕೊಂಡು ಕಾಲಿಟ್ಟು ತಿರುಚಿ ನೋಡಿ. ಪಕ್ಕದಲ್ಲಿ ಇನ್ನೊಂದು ಸ್ಯಾಂಪಲ್ ಇಟ್ಟು ಹೋಲಿಸಿ. ಇದು ಲ್ಯಾಬ್ ಪರೀಕ್ಷೆಗೆ ಸಮವಲ್ಲ, ಆದರೆ ಎರಡರಲ್ಲಿ ಯಾವುದು ವಾಸಿ ಎಂದು ಗೊತ್ತಾಗುತ್ತದೆ. ಒಣ ಟೈಲ್ಸಿನ ಮೇಲೆ ಬೆರಳು ಆಡಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ.

ಮಾವನ ಮನೆಯ ಲೆಕ್ಕ

ಮನೆಯ ಒಳಗಿನ ನೆಲ 900 ಚದರ ಅಡಿ. ಮೇಸ್ತ್ರಿ ಮತ್ತು ಅಂಗಡಿಯವರು ನಮಗೆ ಹೇಳಿದ ದರ ಹೀಗಿತ್ತು: ಹೊಳೆಯುವ ವಿಟ್ರಿಫೈಡ್ ಚದರ ಅಡಿಗೆ 65 ರೂಪಾಯಿ, ಕೂಲಿ ಮತ್ತು ಸಿಮೆಂಟ್ ಮರಳಿಗೆ 50, ಹಳೆಯದನ್ನು ಕೀಳಲು 15. ಕತ್ತರಿಸುವಾಗ ಹಾಳಾಗುವುದಕ್ಕೆಂದು ಟೈಲ್ಸ್ ಶೇ 10ರಷ್ಟು ಹೆಚ್ಚು ತರಬೇಕು, ಅಂದರೆ 990 ಚದರ ಅಡಿ. ಟೈಲ್ಸಿಗೆ 64,350, ಕೂಲಿ ಮತ್ತು ಸಾಮಾನಿಗೆ 45,000, ಕೀಳಲು 13,500. ಒಟ್ಟು 1,22,850 ರೂಪಾಯಿ. ಇಷ್ಟು ಖರ್ಚು ಮಾಡಿದರೂ ಜಾರುವುದು ತಪ್ಪುತ್ತಿರಲಿಲ್ಲ.

ಅತ್ತೆ ಬಿದ್ದ ಜಗಲಿ 24 ಅಡಿ ಉದ್ದ, 5 ಅಡಿ ಅಗಲ. 120 ಚದರ ಅಡಿ ಮಾತ್ರ. ಅಲ್ಲಿಗೆ ಆರ್-11 ಮ್ಯಾಟ್ ಟೈಲ್ಸ್ ಚದರ ಅಡಿಗೆ 75ರಂತೆ 132 ಚದರ ಅಡಿ ತಂದರೆ 9,900. ಕೂಲಿ, ಸಾಮಾನಿಗೆ 6,000. ಕೀಳಲು 1,800. ಒಟ್ಟು 17,700. ನಿಮ್ಮ ಊರಿನಲ್ಲಿ ದರ ಬೇರೆ ಇರಬಹುದು, ಅದನ್ನು ಹಾಕಿ ಲೆಕ್ಕ ಮಾಡಿಕೊಳ್ಳಿ. ಎರಡು ಮೊತ್ತಗಳ ಅಂತರ ಹುಟ್ಟುವುದು ದರದಿಂದ ಅಲ್ಲ, ಒದ್ದೆಯಾಗುವ ಜಾಗ ಎಷ್ಟು ಎಂಬುದರಿಂದ.

ಫ್ಲೇಮ್ಡ್ ಗ್ರಾನೈಟನ್ನೇ ಹಾಕಬಹುದಿತ್ತಲ್ಲವೇ ಎಂದರೆ, ಹಾಕಬಹುದಿತ್ತು. ಹೊರಗಿನ ಮೆಟ್ಟಿಲಿಗೆ ನಾವು ಅದನ್ನೇ ಹಾಕಿಸಿದ್ದು, ಯಾಕೆಂದರೆ ಏಟು ಬಿದ್ದರೂ ಕಲ್ಲಿನ ಅಂಚು ಟೈಲ್ಸಿನಷ್ಟು ಬೇಗ ಒಡೆಯುವುದಿಲ್ಲ. ಜಗಲಿಗೆ ಟೈಲ್ಸ್ ಹಾಕಿದ್ದು ಕಲೆಯ ಕಾರಣಕ್ಕೆ. ಒಳ್ಳೆಯ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ, ಹಾಗಾಗಿ ಕೆಂಪು ಮಣ್ಣಿನ ಬಣ್ಣ ಒಳಗೆ ಇಳಿಯುವುದಿಲ್ಲ. ಕಲೆ ಹಿಡಿಯುವುದು ಸಂದಿನಲ್ಲಿ. ಬಿಳಿ ಸಿಮೆಂಟ್ ತುಂಬಿದರೆ ಒಂದೇ ಮಳೆಗಾಲಕ್ಕೆ ಸಂದುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಗಾಢ ಬಣ್ಣದ ಎಪಾಕ್ಸಿ ಗ್ರೌಟ್ ತುಂಬಿಸಿ.

ಮಾರ್ಬಲ್ ವಿಷಯ ಎತ್ತಿದ್ದೂ ಮಾವನೇ. ಕೆಮ್ಮಣ್ಣಿನ ಊರಿಗೆ ಅದು ಸರಿಯಲ್ಲ. ಮಾರ್ಬಲ್ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಬಳಗದ್ದು. ಮಣ್ಣಿನಲ್ಲಿರುವ ಕಬ್ಬಿಣದ ಕೆಂಪು ಅದರ ಸೂಕ್ಷ್ಮ ರಂಧ್ರಗಳಿಗೆ ಇಳಿದರೆ ತೆಗೆಯುವುದು ಕಷ್ಟ. ನಿಂಬೆರಸ, ಹುಣಸೆಹುಳಿ, ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಹೊಳಪು ಸುಟ್ಟು ಮಂಕು ಗುರುತು ಉಳಿಯುತ್ತದೆ. ಅದು ಕಲೆಯಲ್ಲ, ಕಲ್ಲೇ ಕರಗಿದ್ದು. ಹಾಗಾಗಿ ಒರೆಸಿದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು. ಕೆಂಪು ಕಲೆ ತೆಗೆಯಲು ಆ್ಯಸಿಡ್ ಸುರಿದರೆ ಎರಡೂ ತೊಂದರೆ ಒಟ್ಟಿಗೆ ಬರುತ್ತವೆ. ಮಾರ್ಬಲ್ ಎಂದು ತೋರಿಸಿದ ಚೂರಿನ ಮೇಲೆ ಒಂದು ಹನಿ ನಿಂಬೆರಸ ಹಾಕಿ ಹದಿನೈದು ನಿಮಿಷ ಬಿಟ್ಟು ಒರೆಸಿ ನೋಡಿದರೆ ನಿಮಗೇ ಕಾಣುತ್ತದೆ. ಗ್ರಾನೈಟಿಗೂ ಟೈಲ್ಸಿಗೂ ಅದರಿಂದ ಏನೂ ಆಗುವುದಿಲ್ಲ.

ನೆಲ ಬೆವರುವುದು

ಹಾಲಿನ ಹೊಳೆಯುವ ಗ್ರಾನೈಟ್ ಹಾಗೆಯೇ ಉಳಿಯಿತು. ಅಲ್ಲಿ ಒಂದು ತೊಂದರೆ ಇದೆ. ಮಳೆ ನೀರು ಒಳಗೆ ಬರದಿದ್ದರೂ ಕೆಲವು ದಿನ ನೆಲ ಒದ್ದೆಯಾಗಿರುತ್ತದೆ. ಕೆಳಗಿನಿಂದ ನೀರು ಏಳುತ್ತಿದೆ, ಗ್ರಾನೈಟ್ ನೀರು ಬಿಡುತ್ತಿದೆ ಎಂದು ಜನ ಹೇಳುತ್ತಾರೆ. ಹೆಚ್ಚಿನ ಸಲ ಅದು ಗಾಳಿಯ ನೀರು. ರಾತ್ರಿ ತಣ್ಣಗಾದ ನೆಲಕ್ಕೆ ಹಗಲಿನ ತೇವದ ಗಾಳಿ ತಾಗಿದಾಗ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ನೆಲ ಬೆವರುತ್ತದೆ. ಟೈಲ್ಸ್ ಹಾಕಿದರೂ ಬೆವರುತ್ತದೆ.

ಯಾವುದು ಎಂದು ತಿಳಿಯಲು, ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಮೇಲೆ ಮಾತ್ರ ತೇವ ಕಂಡರೆ ಅದು ಗಾಳಿಯದ್ದು. ಮಂಜು ಕವಿದಾಗ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಳೆಯ ಅಡಿಯಲ್ಲಿ ತೇವ ನಿಂತಿದ್ದರೆ ನೆಲದೊಳಗಿನದ್ದು, ಅದನ್ನು ಮೇಸ್ತ್ರಿಗೆ ತೋರಿಸಬೇಕು.

ಜಗಲಿಗೆ ಟೈಲ್ಸ್ ಕೂರಿಸುವಾಗ ಮೇಸ್ತ್ರಿ ಐದು ಅಡಿ ಅಗಲಕ್ಕೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಜಾರು ಕೊಟ್ಟ. ನೀರು ನಿಲ್ಲದೆ ಅಂಗಳಕ್ಕೆ ಹೋಗುತ್ತದೆ. ಆದರೆ ಒರಟು ಟೈಲ್ಸಿನ ತಗ್ಗುಗಳಲ್ಲಿ ಕೆಸರು ಕೂರುತ್ತದೆ, ಬಿಟ್ಟರೆ ಅದರ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿ ಕಟ್ಟಿದ ಆರ್-11 ಕೂಡ ಜಾರುತ್ತದೆ. ಮಾಪ್ ಎಳೆದರೆ ಕೆಸರು ತಗ್ಗಿನೊಳಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ ನೀರು ಹಾಯಿಸಬೇಕು, ಫ್ಲೋರ್ ಕ್ಲೀನರ್ ಬಾಟಲಿಯಲ್ಲಿ ಬರೆದಷ್ಟೇ ಹಾಕಬೇಕು, ಯಾಕೆಂದರೆ ಹೆಚ್ಚಾದದ್ದು ಜಿಡ್ಡಾಗಿ ಉಳಿಯುತ್ತದೆ. ಅತ್ತೆಯ ಕೈ ಇನ್ನೂ ಪೂರ್ತಿ ಬಲ ಬಂದಿಲ್ಲ. ಹಾಗಾಗಿ ಈ ಮಳೆಗಾಲ ವಾರಕ್ಕೆರಡು ಸಲ ಬ್ರಷ್ ಹಿಡಿಯುವ ಕೆಲಸ ಮಾವನದ್ದು.