ಇನ್ನೊಂದು ಬ್ರೇಕ್ ಉಂಟು

ಡ್ರೈವಿಂಗ್ ಸ್ಕೂಲ್‌ಗೆ ಟ್ಯಾಗ್‌ಲೈನ್ ಬರೀರಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯೋದು "15 ದಿನದಲ್ಲಿ ಡ್ರೈವಿಂಗ್ ಗ್ಯಾರಂಟಿ" ಅಥವಾ "ಭಯ ಬಿಡಿ, ಸ್ಟೇರಿಂಗ್ ಹಿಡಿಯಿರಿ". ಎರಡೂ ಬೇಡ ಅನ್ನೋದು ನಮ್ಮ ವಾದ.

ಗ್ಯಾರಂಟಿ ಮಾತು ಲೆಕ್ಕಕ್ಕೇ ನಿಲ್ಲೋದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ 10 ಗಂಟೆಯಾದರೂ ಗಾಡಿ ಓಡಿಸಿರಬೇಕು. ಎಲ್‌ಎಲ್ ಸಿಕ್ಕಿ 30 ದಿನ ಆಗದೆ ಟೆಸ್ಟ್‌ಗೂ ಹೋಗುವಂತಿಲ್ಲ. ಹಾಗಿದ್ರೆ 15 ದಿನಕ್ಕೆ ಗ್ಯಾರಂಟಿ ಕೊಡೋದು ಯಾವುದಕ್ಕೆ? "ಭಯ ಬಿಡಿ" ಅನ್ನೋದಂತೂ ವೈವಾಗೆ ಮೊದಲು "ಟೆನ್ಶನ್ ಮಾಡ್ಬೇಡ" ಅಂದ ಹಾಗೆ. ಇದ್ದ ಭಯ ಡಬಲ್.

ಪಣಂಬೂರಿನಲ್ಲಿ ಕಲಿಯುವವರ ಭಯ ಏನು ಅಂತ ನೋಡಿ. ಹೆದ್ದಾರಿ 66ರಲ್ಲಿ ಬಂದರಿನ ಲಾರಿಗಳು. ಕ್ಲಚ್ ಬೇಗ ಬಿಟ್ಟು ಕಾರು ಆಫ್ ಆಯ್ತು ಅಂದ್ರೆ ಹಿಂದಿನಿಂದ ಹಾರ್ನ್. ಆಗ ಮನಸ್ಸಿಗೆ ಬರೋದು ಲೈಸೆನ್ಸ್ ಅಲ್ಲ, "ಗಾಡಿ ನನ್ನ ಕೈಮೀರಿ ಹೋದ್ರೆ?" ಅನ್ನೋ ಪ್ರಶ್ನೆ. ಟ್ಯಾಗ್‌ಲೈನ್ ಉತ್ತರ ಕೊಡಬೇಕಾದ್ದು ಇದಕ್ಕೆ.

ಉತ್ತರ ಕಾರಿನೊಳಗೇ ಇದೆ. ತರಬೇತಿ ಕಾರಿಗೆ ಡ್ಯುಯಲ್ ಕಂಟ್ರೋಲ್ ಇರಲೇಬೇಕು ಅಂತ ಅದೇ ನಿಯಮ ಹೇಳ್ತದೆ. ಪಕ್ಕದಲ್ಲಿ ಕೂತ ಮಾಸ್ಟ್ರ ಕಾಲಡಿಯಲ್ಲೂ ಬ್ರೇಕ್ ಇರುತ್ತದೆ, ಸಾಮಾನ್ಯವಾಗಿ ಕ್ಲಚ್ಚೂ. ಹಾಗಾಗಿ ನಾವು ಆರಿಸಿದ ಸಾಲು:

"ಇನ್ನೊಂದು ಬ್ರೇಕ್ ನಮ್ಮ ಕಾಲಡಿಯಲ್ಲಿ ಉಂಟು."

'ಇದೆ' ಅಲ್ಲ, 'ಉಂಟು'. ಇಲ್ಲಿನ ಕಿವಿಗೆ ಅದೇ ಧೈರ್ಯ. ಇದು ಪಾಸ್ ಮಾಡಿಸ್ತೇವೆ ಅನ್ನೋದಿಲ್ಲ, ಆಕ್ಸಿಡೆಂಟ್ ಆಗೋದೇ ಇಲ್ಲ ಅಂತಲೂ ಅನ್ನೋದಿಲ್ಲ. ನಿಜವೋ ಸುಳ್ಳೋ ಅಂತ ಸೇರುವ ಮೊದಲೇ ಪರೀಕ್ಷಿಸಬಹುದು: ಎಡಗಡೆ ಸೀಟಿನ ಬಾಗಿಲು ತೆಗೆದು ಕೆಳಗೆ ನೋಡಿ, ಪೆಡಲ್ ಕಾಣ್ಬೇಕು. ಮನೆಯ ಕಾರಿನಲ್ಲೇ ಕಲಿಸ್ತೇವೆ ಅಂತ ಬಂದರೆ ಆ ಪೆಡಲ್ ಇರೋದಿಲ್ಲ, ಈ ಸಾಲೂ ಅಲ್ಲಿ ಸುಳ್ಳಾಗ್ತದೆ.

ನಮ್ಮ ಸಾಲಿಗೂ ಮಿತಿ ಉಂಟು. ಸ್ಟೇರಿಂಗ್ ಒಂದೇ. ಹಿಂದಿನಿಂದ ಬರುವ ಲಾರಿಯನ್ನು ಎರಡು ಬ್ರೇಕ್ ಇದ್ರೂ ನಾವು ನಿಲ್ಲಿಸಲಾಗದು. ಅದಕ್ಕೇ ಮೊದಲ ಕೆಲವು ದಿನ ಖಾಲಿ ಒಳರಸ್ತೆ, ಆಮೇಲೆ ಹೆದ್ದಾರಿ ಅನ್ನೋ ಸ್ಕೂಲಿಗೆ ಮಾತ್ರ ಈ ಬೋರ್ಡ್ ಒಪ್ಪುತ್ತದೆ. ಇನ್ನೊಂದು ಅಪಾಯ, ಮಾಸ್ಟ್ರು ಸುಮ್ಮನೆ ಬ್ರೇಕ್ ಒತ್ತಿ ಕಾರು ನಿಲ್ಲಿಸಿದ್ರೆ ನಾವೇ ನಿಲ್ಲಿಸಿದ್ದು ಅಂದುಕೊಳ್ತೇವೆ. ಎರಡು ಪೆಡಲ್‌ಗಳನ್ನು ರಾಡ್ ಅಥವಾ ಕೇಬಲ್‌ನಿಂದ ಜೋಡಿಸಿದ ಕಾರಿನಲ್ಲಿ ಇದನ್ನು ಕಂಡುಹಿಡಿಯೋದು ಸುಲಭ. ಅವರು ಒತ್ತಿದಾಗ ನಮ್ಮ ಪೆಡಲ್ ತಾನಾಗಿ ಕೆಳಗೆ ಹೋಗ್ತದೆ. ಹಾಗೆ ಹೋದಾಗೆಲ್ಲ "ಈಗ ಯಾಕೆ ಒತ್ತಿದ್ರಿ ಸರ್?" ಅಂತ ಕೇಳಿ. ದಿನಕ್ಕೆ ಎಷ್ಟು ಸಲ ಹೋಯ್ತು ಅಂತ ಎಣಿಸಿಡಿ. ಆ ಸಂಖ್ಯೆ ಇಳಿಯುತ್ತಾ ಬಂದರೆ ಕಲಿಯುತ್ತಿದ್ದೀರಿ. ಇಳಿಯದಿದ್ದರೆ 21ನೇ ದಿನ ಮುಗಿದರೂ ಇನ್ನೂ ಕೆಲವು ಕ್ಲಾಸ್ ಕೇಳಿ ಪಡೆಯಿರಿ.